ಬೆಂಗಳೂರಿನ ಸಂಜೆ, ನ್ಯೂಯಾರ್ಕಿನ ಬೆಳಗು

ಲಂಡನ್ನಿನ ಪತ್ರ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ ಭಾರತ ತಲುಪುತ್ತಿದ್ದ ಕಾಲದಲ್ಲಿ, ಅಲ್ಲಿ ಈಗ ಗಂಟೆ ಎಷ್ಟು ಎಂದು ಯಾವ ವ್ಯಾಪಾರಿಯೂ ಕೇಳುತ್ತಿರಲಿಲ್ಲ. 1870ರಲ್ಲಿ ಎರಡೂ ಕಡೆಗೆ ನೇರ ತಂತಿ ಸಂಪರ್ಕ ಏರ್ಪಟ್ಟ ಮೇಲೆ ಆ ಪ್ರಶ್ನೆಗೆ ಅರ್ಥ ಬಂತು. ಸಂದೇಶ ಬೇಗ ತಲುಪಿದರೆ ಸಾಲದು, ಓದಬೇಕಾದವನು ಎಚ್ಚರವಾಗಿಯೂ ಇರಬೇಕು. ದೂರ ಕುಗ್ಗಿದಷ್ಟೂ ಗಡಿಯಾರದ ಅಂತರ ಎದ್ದು ಕಾಣತೊಡಗಿತು.

ಆ ಅಂತರಕ್ಕೆ ಇಂದಿನ ಅಳತೆ ಸಿಕ್ಕಿದ್ದು 1906ರ ಜನವರಿ 1ರಂದು. ಅದಕ್ಕೆ ಮೊದಲು ರೈಲುಗಳು ಮದರಾಸಿನ ಸಮಯವನ್ನು ಅನುಸರಿಸುತ್ತಿದ್ದವು; ಕಲ್ಕತ್ತಾ, ಬೊಂಬಾಯಿಗಳಿಗೆ ತಮ್ಮದೇ ಸಮಯವಿತ್ತು. ಹೊಸ ಭಾರತೀಯ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ ಎಂದು ನಿಗದಿಯಾಯಿತು. ಎಂಟು ದಶಕಗಳ ನಂತರ ಬೆಂಗಳೂರಿನ ಎಂಜಿನಿಯರುಗಳು ಎಷ್ಟು ಹೊತ್ತಿಗೆ ಊಟ ಮಾಡಬೇಕು ಎಂಬುದರಲ್ಲೂ ಈ ಲೆಕ್ಕ ಕೈಯಾಡಿಸಿತು.

ಭಾರತದ ಸಾಫ್ಟ್‌ವೇರ್ ಉದ್ಯಮದ ಮೊದಲ ವರ್ಷಗಳಲ್ಲಿ ಹೆಚ್ಚಿನ ಕೆಲಸ ನಡೆಯುತ್ತಿದ್ದುದು ವಿದೇಶದಲ್ಲಿ, ಗ್ರಾಹಕರ ಕಚೇರಿಯಲ್ಲೇ. ಎಂಜಿನಿಯರನ್ನೇ ವಿಮಾನ ಹತ್ತಿಸಿದರೆ ಸಮಯದ ಸಮಸ್ಯೆ ಉಳಿಯುವುದಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ಕೆಲಸವನ್ನು ಅಮೆರಿಕಕ್ಕೆ ಕಳಿಸುವ ದಾರಿ ತೋರಿಸಿತು. 1991ರಲ್ಲಿ ಸ್ಥಾಪನೆಯಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಅಂಥ ಸಂಪರ್ಕವನ್ನು ಸಣ್ಣ ಕಂಪನಿಗಳಿಗೂ ಒದಗಿಸಿತು. ಎಂಜಿನಿಯರು ಊರಲ್ಲೇ ಉಳಿದ. ಗಡಿಯಾರ ಅವನ ಮನೆ ಹೊಕ್ಕಿತು.

ಉದ್ಯಮ ಈ ಅಂತರವನ್ನೇ ಲಾಭವೆಂದು ಮಾರಿತು. ಅಮೆರಿಕ ಮಲಗಿದಾಗ ಬೆಂಗಳೂರು ದುಡಿಯುತ್ತದೆ, ಹೀಗೆ ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಕೆಲಸ ಸಾಗುತ್ತದೆ ಎಂಬುದು ಭರವಸೆ. ಇದು ಪೂರ್ತಿ ಸುಳ್ಳಲ್ಲ. ರಾತ್ರಿ ಕಳಿಸಿದ ದೋಷಗಳ ಪಟ್ಟಿ ಬೆಳಿಗ್ಗೆ ಸರಿಯಾಗಿ ಬಂದಿರುವುದು ಸಾಧ್ಯವಿತ್ತು. ಆದರೆ ಕೆಲಸದ ನಡುವೆ ಒಂದೂ ಪ್ರಶ್ನೆ ಏಳದಿದ್ದರೆ ಮಾತ್ರ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಚಳಿಗಾಲದಲ್ಲಿ ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಎರಡೂ ಊರಿನ ಕಚೇರಿಗಳು ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ತೆರೆದಿದ್ದರೆ, ಇಬ್ಬರೂ ಕೂತಿರುವ ಒಂದು ನಿಮಿಷವೂ ಸಿಗುವುದಿಲ್ಲ. ಸೋಮವಾರ ಸಂಜೆ 5ಕ್ಕೆ ಬೆಂಗಳೂರಿನವರು, ‘ರದ್ದಾದ ಆರ್ಡರುಗಳನ್ನು ವರದಿಯಲ್ಲಿ ಸೇರಿಸಬೇಕೇ?’ ಎಂದು ಕೇಳುತ್ತಾರೆ. ನ್ಯೂಯಾರ್ಕಿನವರು ತಮ್ಮ ಬೆಳಿಗ್ಗೆ 9ಕ್ಕೆ, ಎಂದರೆ ನಮ್ಮ ರಾತ್ರಿ ಏಳೂವರೆಗೆ ಓದಿ, ‘ಯಾವ ವರದಿ?’ ಎನ್ನುತ್ತಾರೆ. ಅದು ಕಣ್ಣಿಗೆ ಬೀಳುವುದು ಮಂಗಳವಾರ ಬೆಳಿಗ್ಗೆ. ಅದಕ್ಕೆ ಕೊಟ್ಟ ಉತ್ತರವನ್ನು ಅವರು ನೋಡುವುದು ಮಂಗಳವಾರ ರಾತ್ರಿ. ಅವರ ತೀರ್ಮಾನ ಇಲ್ಲಿ ತಿಳಿಯುವುದು ಬುಧವಾರ. ಹತ್ತು ನಿಮಿಷದ ಮಾತಿಗೆ ಒಂದೂವರೆ ದಿನಕ್ಕಿಂತ ಹೆಚ್ಚು ಹೋಯಿತು. ಶುಕ್ರವಾರ ಕೇಳಿದ್ದರೆ ಮಂಗಳವಾರವಾಗುತ್ತಿತ್ತು.

ಹೀಗಾಗಿ ಇಬ್ಬರೂ ಒಟ್ಟಿಗೆ ಸಿಗುವ ಸಮಯವನ್ನು ಒಪ್ಪಂದದಿಂದಲೇ ಸೃಷ್ಟಿಸಬೇಕಾಯಿತು. ನಮ್ಮ ಸಂಜೆ 6:30ರಿಂದ 8:30 ಅವರ ಬೆಳಿಗ್ಗೆ 8ರಿಂದ 10. ಅವರು ಒಂದು ಗಂಟೆ ಮುಂಚೆ ಬಂದರೆ, ನಾವು ಎರಡೂವರೆ ಗಂಟೆ ಹೆಚ್ಚು ಕೂತಂತಾಯಿತು. ಕೆಲಸ ಆರಂಭಿಸುವ ಹೊತ್ತನ್ನು ಅಷ್ಟೇ ಮುಂದೂಡದಿದ್ದರೆ ದಿನ ಉದ್ದವಾಗುತ್ತದೆ. ಲಂಡನ್ನಿನ ಜತೆ ಈ ತಾಪತ್ರಯವಿಲ್ಲ: ಅಲ್ಲಿನ ಬೆಳಿಗ್ಗೆ 9 ಚಳಿಗಾಲದಲ್ಲಿ ನಮ್ಮ ಮಧ್ಯಾಹ್ನ ಎರಡೂವರೆ. ಮೂರೂವರೆ ಗಂಟೆ ತಾನಾಗಿಯೇ ಸಿಗುತ್ತದೆ.

ಒಪ್ಪಿದ ಸಮಯವೂ ಸ್ಥಿರವಲ್ಲ. ಅಮೆರಿಕ 2007ರಿಂದ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ; ಬ್ರಿಟನ್ ಆ ತಿಂಗಳ ಕೊನೆಯ ಭಾನುವಾರ. ಭಾರತ ಕದಲುವುದಿಲ್ಲ. ಸಭೆ ನ್ಯೂಯಾರ್ಕಿನ ಬೆಳಿಗ್ಗೆ 8ಕ್ಕೆ ಎಂದು ಬರೆದಿದ್ದರೆ ನಮಗದು ಸಂಜೆ ಐದೂವರೆಗೆ ಸರಿಯುತ್ತದೆ. ಭಾರತದ ಸಮಯವೆಂದು ಬರೆದಿದ್ದರೆ ಅವರಿಗೆ 9 ಆಗುತ್ತದೆ. ಮೂರು ಊರುಗಳ ಸಭೆಯಾದರೆ ಎರಡು-ಮೂರು ವಾರ ಯಾರೋ ಒಬ್ಬರು ತಪ್ಪು ಹೊತ್ತಿಗೆ ಬಂದು ಕೂರುತ್ತಾರೆ. ಆದ್ದರಿಂದ ಯಾವ ಊರಿನ ಗಡಿಯಾರ ಆಧಾರ ಎಂಬುದನ್ನು ಬರೆದಿಡಲೇಬೇಕು.

ಉತ್ತರದ ಗಡುವಿಗೂ ಇದೇ ಮಾತು ಅನ್ವಯಿಸುತ್ತದೆ. ‘ನಾಲ್ಕು ಗಂಟೆಯೊಳಗೆ ಉತ್ತರ’ ಎಂಬ ವಾಕ್ಯ ಎರಡು ಸಂಗತಿಗಳನ್ನು ಮರೆಮಾಚುತ್ತದೆ. ಉತ್ತರವೆಂದರೆ ದೂರು ಬಂದಿದೆ ಎಂಬ ಸ್ವೀಕೃತಿಯೋ, ಪರಿಹಾರವೋ? ನಾಲ್ಕು ಗಂಟೆ ಎಂದರೆ ಯಾರ ಕಚೇರಿ ವೇಳೆಯ ನಾಲ್ಕು ಗಂಟೆ? ನ್ಯೂಯಾರ್ಕಿನ ಮಧ್ಯಾಹ್ನ 2ಕ್ಕೆ ಬಂದ ದೂರು ಬೆಂಗಳೂರಿನಲ್ಲಿ ಮಧ್ಯರಾತ್ರಿ ಹನ್ನೆರಡೂವರೆಯದು. ಅಲ್ಲಿನ ಗಡಿಯಾರ ಆಧಾರವಾದರೆ ನಸುಕಿನ ನಾಲ್ಕೂವರೆಗೆ ಗಡುವು. ಇಲ್ಲಿನದಾದರೆ ಮಧ್ಯಾಹ್ನ 1. ವ್ಯವಹಾರವೇ ನಿಂತುಹೋದಾಗ ಮಾತ್ರ ರಾತ್ರಿ ಫೋನು, ಉಳಿದದ್ದಕ್ಕೆ ಮರುದಿನದ ಉತ್ತರ ಎಂದು ವಿಂಗಡಿಸದಿದ್ದರೆ, ಎಲ್ಲ ಪತ್ರವೂ ತುರ್ತಾಗುತ್ತದೆ. ಆಗ ಯಾರೂ ಆಜ್ಞೆ ಮಾಡದೆಯೇ ಜನ ನಿದ್ದೆಗೆಟ್ಟು ಕಾಯುತ್ತಾರೆ.

ಈ ಉದ್ಯಮದ ಚರಿತ್ರೆಯನ್ನು ಬರೆಯುವವರು ರಫ್ತಿನ ಅಂಕಿಗಳ ಜತೆಗೆ ಕರಾರುಪತ್ರಗಳ ‘ಕೆಲಸದ ದಿನ’ ಎಂಬ ಪದದ ವ್ಯಾಖ್ಯಾನವನ್ನೂ ಓದಬೇಕು. ಅಲ್ಲಿ ಯಾವ ಊರಿನ ಹೆಸರಿದೆಯೋ ಆ ಊರಿನವರು ಸಂಜೆ ಹೊತ್ತಿಗೆ ಮನೆಗೆ ಹೋಗಿರುತ್ತಾರೆ.