ಮೇಜಿನಂಚಿನ ಪುಸ್ತಕ: ಲೆಕ್ಕದಲ್ಲಿ ಬಿಟ್ಟುಹೋದ ಹಿಂಭಾರ

ಕಡಯಂಪಟ್ಟಿ ಸುತ್ತಿನ ಹಳ್ಳಿಗಳಲ್ಲಿ ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತಮಿಳಲ್ಲೋ ಇಂಗ್ಲಿಷಲ್ಲೋ ಭೌತಶಾಸ್ತ್ರ ಕಲಿಯುವ ಮಕ್ಕಳು ಈಗ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ: "ಪುಸ್ತಕಗಳನ್ನು ಮೇಜಿನ ಅಂಚಿನಾಚೆ ಎಷ್ಟು ದೂರ ಬೇಕಾದರೂ ಚಾಚಬಹುದು ಸಾರ್. ಅರ್ಧ, ಕಾಲು, ಆರನೇ ಒಂದು ಅಂತ ಸರಿಸ್ತಾ ಹೋದರೆ ಆಯ್ತು, ಅದೇ ಗರಿಷ್ಠ." ಮೊಬೈಲಿನ ಎರಡು ನಿಮಿಷದ ವಿಡಿಯೋಗಳು ಕಲಿಸಿದ ಪಾಠವಿದು. ಎಷ್ಟು ದೂರ ಬೇಕಾದರೂ ಚಾಚಬಹುದು ಎಂಬುದು ನಿಜ. ಅದೇ ಗರಿಷ್ಠ ಎಂಬುದು ಸುಳ್ಳು. ಸುಳ್ಳೆಂದು ಗೊತ್ತಾಗಿ ಎಷ್ಟೋ ವರ್ಷ ಕಳೆದರೂ ಪಾಠಪುಸ್ತಕಗಳು ಹಳೆಯ ಮಾತನ್ನೇ ಹೇಳುತ್ತಿರುವುದು ಈ ಲೇಖನಕ್ಕೆ ಕಾರಣ.

ಲೆಕ್ಕದ ಮೂಲ ಹಳೆಯದು. 1850ರಲ್ಲಿ ಜಾನ್ ಬಡ್ ಫಿಯರ್ ಬರೆದ ಯಂತ್ರಶಾಸ್ತ್ರದ ಪಠ್ಯದಲ್ಲೇ ಇದು ಅಭ್ಯಾಸದ ಪ್ರಶ್ನೆಯಾಗಿ ಬಂದಿದೆ. ಈ ಫಿಯರ್ ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. ನಮ್ಮ ದೇಶದ ಹಳ್ಳಿಗಳ ಬಗ್ಗೆ ಅವರು ಬರೆದದ್ದನ್ನು ಓದಿದವರಿಗೂ ಅವರ ಈ ಲೆಕ್ಕದ ಸುಳಿವಿರಲಿಕ್ಕಿಲ್ಲ. 1923ರಲ್ಲಿ ಕಾಫಿನ್ ಎಂಬವರು ಅಮೆರಿಕದ ಗಣಿತ ಮಾಸಪತ್ರಿಕೆಯೊಂದರಲ್ಲಿ ಇದನ್ನು ಮತ್ತೆ ಕೇಳಿದರು. 1955ರಲ್ಲಿ ಪಾಲ್ ಜಾನ್ಸನ್ ಇದಕ್ಕೆ ಓರೆಗೋಪುರದ ಹೆಸರಿಟ್ಟರು, 1964ರಲ್ಲಿ ಮಾರ್ಟಿನ್ ಗಾರ್ಡ್‌ನರ್ ಮನೆಮನೆಗೆ ತಲುಪಿಸಿದರು. ಅಲ್ಲಿಂದ ಮುಂದೆ ಇದು ಗಣಿತದವರ ಸೊತ್ತಾಯಿತು. ಅರ್ಧ, ಕಾಲು, ಆರನೇ ಒಂದು ಎಂಬ ಈ ಶ್ರೇಢಿ ಎಷ್ಟು ನಿಧಾನವಾಗಿ ಬೆಳೆದರೂ ಕೊನೆಯಿಲ್ಲದೆ ಬೆಳೆಯುತ್ತದೆ ಎಂದು ತೋರಿಸಲು ಪುಸ್ತಕಗಳು ನೆಪವಾದವು. ಟಾರ್ಕ್ ಹಿಂದೆ ಸರಿಯಿತು. ಹಾನಿ ಶುರುವಾದದ್ದು ಇಲ್ಲಿಂದ ಎಂದು ನನ್ನ ಎಣಿಕೆ.

ಆ ಹಳೆಯ ಲೆಕ್ಕವನ್ನು ಟಾರ್ಕಿನಿಂದಲೇ ಮಾಡಿನೋಡೋಣ. ಒಂದೇ ಅಳತೆಯ, 24 ಸೆಂ.ಮೀ. ಉದ್ದದ ಪುಸ್ತಕಗಳನ್ನು ತೆಗೆದುಕೊಳ್ಳಿ. ಒಂದೇ ಪುಸ್ತಕವಾದರೆ ಅದರ ಗುರುತ್ವ ಕೇಂದ್ರ ನಡುವಿನಲ್ಲಿರುವುದರಿಂದ 12 ಸೆಂ.ಮೀ. ಚಾಚಬಹುದು, ಅಷ್ಟೆ. ಈಗ ಹೀಗೆ ಸಮತೋಲದ ತುದಿಯಲ್ಲಿರುವ ಪುಸ್ತಕವನ್ನು ಹಾಗೇ ಎತ್ತಿ ಅದರ ಕೆಳಗೆ ಇನ್ನೊಂದನ್ನು ತೂರಿಸಿ, ಮೇಲಿನದರ ಭಾರವೆಲ್ಲ ಕೆಳಗಿನದರ ಹೊರಅಂಚಿನ ಮೇಲೆ ಬೀಳುವಂತೆ ಇಡಿ. ಕೆಳಗಿನ ಪುಸ್ತಕ ಮೇಜಿನಾಚೆ 6 ಸೆಂ.ಮೀ. ಚಾಚಿದರೆ ಮೇಲಿನ ಪುಸ್ತಕದ ಭಾರ ಅಂಚಿನಿಂದ 6 ಸೆಂ.ಮೀ. ಹೊರಗೆ, ಕೆಳಗಿನದರ ಸ್ವಂತ ಭಾರ 6 ಸೆಂ.ಮೀ. ಒಳಗೆ. ತೂಗುತ್ತದೆ. ಮೂರನೆಯದನ್ನು ಅಡಿಗೆ ಇಟ್ಟರೆ ಎರಡು ಪುಸ್ತಕದ ಭಾರ 4 ಸೆಂ.ಮೀ. ಹೊರಗೆ, ಒಂದರದು 8 ಸೆಂ.ಮೀ. ಒಳಗೆ, ಮತ್ತೆ ಸಮ. ನಾಲ್ಕನೆಯದಕ್ಕೆ 3 ಸೆಂ.ಮೀ. ಹೀಗೆ 12, 6, 4, 3 ಕೂಡಿದರೆ 25. ಅಂದರೆ ನಾಲ್ಕನೇ ಪುಸ್ತಕಕ್ಕೇ ಮೇಲ್ತುದಿಯದು ಮೇಜಿನಿಂದ ಪೂರ್ತಿ ಹೊರಗೆ ಬಂತು.

ಕಾಗದದ ಮೇಲೆ ಸರಿ. ತರಗತಿಯಲ್ಲಿ ಈ ಅಳತೆಗೆ ಸರಿಯಾಗಿ ಇಟ್ಟರೆ ನಿಲ್ಲುವುದಿಲ್ಲ, ಏಕೆಂದರೆ ಪ್ರತಿ ಅಂಚೂ ಬೀಳುವ ಗಡಿಯ ಮೇಲೇ ಇದೆ. ಪ್ರತಿ ಪುಸ್ತಕವನ್ನೂ ಎರಡು ಮೂರು ಮಿಲಿಮೀಟರು ಒಳಗೆ ಎಳೆದುಕೊಳ್ಳಬೇಕು. ಬೈಂಡಿನ ಬೆನ್ನು ದಪ್ಪವಿದ್ದರೆ ಗುರುತ್ವ ಕೇಂದ್ರ ನಡುವಿನಲ್ಲಿರುವುದೇ ಇಲ್ಲ. ಸ್ಕೇಲಿನ ಅಂಚಿನ ಮೇಲೆ ತೂಗಿನೋಡಿ ಪೆನ್ಸಿಲ್ ಗೆರೆ ಹಾಕಿಕೊಳ್ಳುವುದು ಒಳ್ಳೆಯದು. ಬೀಳುವ ಮೊದಲ ಸೂಚನೆ ಕಾಣುವುದು ತುದಿಯಲ್ಲಲ್ಲ, ಒಳಬದಿಯಲ್ಲಿ: ಹಿಂದಿನ ಅಂಚು ಕೂದಲೆಳೆಯಷ್ಟು ಮೇಲೇಳುತ್ತದೆ. ತುದಿ ಮುಂದಕ್ಕೆ ಬಾಗುವುದನ್ನೇ ನೋಡುತ್ತ ಕೂತವರಿಗೆ ಇದು ಕಾಣುವುದಿಲ್ಲ.

ಈ ಲೆಕ್ಕದಲ್ಲಿ ಹೇಳದೆ ಬಿಟ್ಟ ಒಂದು ಕರಾರಿದೆ: ಒಂದು ಪದರಕ್ಕೆ ಒಂದೇ ಪುಸ್ತಕ. ಆ ಕರಾರಿಗೆ ಒಪ್ಪಿದರೆ ಮೇಲಿನ ಜೋಡಣೆಯೇ ಗರಿಷ್ಠ, ಅದರಲ್ಲಿ ತಕರಾರಿಲ್ಲ. ಆದರೆ ಕರಾರು ಹಾಕಿದವರು ಯಾರು? ಪದರಕ್ಕೆ ಎರಡು ಪುಸ್ತಕ ಇಡಬಹುದು ಎಂದೊಡನೆ ಕೆಲವಕ್ಕೆ ಚಾಚುವ ಕೆಲಸ, ಕೆಲವಕ್ಕೆ ಹಿಂದೆ ಕೂತು ಅದುಮುವ ಕೆಲಸ. ಮೂರೇ ಪುಸ್ತಕದಲ್ಲಿ ನೋಡಿ. ಮೊದಲನೆಯದನ್ನು ಮೇಜಿನಂಚಿನಲ್ಲಿ ಅರ್ಧ ಹೊರಗೆ ಇಡಿ. ಅದರ ಮೇಲೆ ಎರಡನ್ನು ಅಂಚಿಗೆ ಅಂಚು ತಾಗಿಸಿ, ಒಂದರ ನಡುಭಾಗ ಕೆಳಗಿನದರ ಹೊರಅಂಚಿಗೂ ಇನ್ನೊಂದರದು ಒಳಅಂಚಿಗೂ ಬರುವಂತೆ ಇಡಿ. ಎರಡೂ ಕಡೆ ಸರಿಸಮ, ಗುರುತ್ವ ಕೇಂದ್ರ ಮೇಜಿನಂಚಿನ ಮೇಲೇ. ಚಾಚು 24 ಸೆಂ.ಮೀ. ಹಳೆಯ ಕ್ರಮದಲ್ಲಿ ಮೂರು ಪುಸ್ತಕಕ್ಕೆ ಸಿಗುವುದು 22. ಈ ಎರಡು ಸೆಂಟಿಮೀಟರಿನಲ್ಲಿ ಮುಂದಿನ ಕಥೆಯೆಲ್ಲ ಅಡಗಿದೆ.

1979ರಲ್ಲಿ ಏನ್ಲಿ ಎಂಬವರು ಬ್ರಿಟನ್ನಿನ ಗಣಿತ ಪತ್ರಿಕೆಯಲ್ಲಿ ನಾಲ್ಕು ಇಟ್ಟಿಗೆಗೆ 1.168 ಉದ್ದದಷ್ಟು ಚಾಚು ಸಾಧ್ಯವೆಂದು ತೋರಿಸಿದರು. ನಮ್ಮ ಪುಸ್ತಕಕ್ಕೆ ಅದು 28 ಸೆಂ.ಮೀ.; ಹಳೆಯ 25 ಅಲ್ಲ. ನಮ್ಮ ತಲೆಮಾರಿನವರು ಈ ಸಮಸ್ಯೆಯನ್ನು ಮತ್ತೆ ಭೌತಶಾಸ್ತ್ರವಾಗಿ ನೋಡಲು ಕಲಿತದ್ದು ಇಂಥ ಪುಟ್ಟ ಟಿಪ್ಪಣಿಗಳಿಂದ. ಆದರೆ ಹುರುಪಿನಲ್ಲಿ ಮತ್ತೊಂದು ತಪ್ಪೂ ಹಬ್ಬಿತು. ಮೂರು ಪುಸ್ತಕದ ತಲೆಕೆಳಗಾದ ತ್ರಿಕೋನ ನಿಲ್ಲುವುದಾದರೆ ಅದನ್ನೇ ಒಂದು, ಎರಡು, ಮೂರು, ನಾಲ್ಕು ಎಂದು ಮೇಲಕ್ಕೆ ಬೆಳೆಸುತ್ತ ಹೋಗಬಹುದು ಎಂದು 2001ರ ಒಂದು ಭೌತಶಾಸ್ತ್ರ ಒಗಟುಗಳ ಪುಸ್ತಕವೂ ಬರೆದುಬಿಟ್ಟಿತು. ಇಡೀ ರಾಶಿಯ ಗುರುತ್ವ ಕೇಂದ್ರ ಅಂಚಿನ ಮೇಲಿದ್ದರೆ ಸಾಕು ಎಂದುಕೊಂಡವರ ಎಡವಟ್ಟು ಇದು. ರಾಶಿ ನಿಲ್ಲಬೇಕಾದರೆ ಒಳಗಿನ ಒಂದೊಂದು ಪುಸ್ತಕವೂ ಬೇರೆಬೇರೆಯಾಗಿ ತೂಗಬೇಕು.

ಮೂರನೇ ಪದರಕ್ಕೇ ಅದು ಮುರಿಯುತ್ತದೆ. ಎರಡನೇ ಪದರದ ಹೊರಗಿನ ಪುಸ್ತಕವನ್ನು ಮಾತ್ರ ನೋಡಿ. ಅದು ತಿರುಗುವುದಾದರೆ ಅಡಿಯ ಪುಸ್ತಕದ ಹೊರಅಂಚಿನ ಮೇಲೆ. ಅದರ ಸ್ವಂತ ಭಾರ ಸರಿಯಾಗಿ ಆ ಅಂಚಿನ ಮೇಲಿರುವುದರಿಂದ ಲೆಕ್ಕಕ್ಕಿಲ್ಲ. ಮೂರನೇ ಪದರದ ಮೂಲೆ ಪುಸ್ತಕದ ಪೂರ್ತಿ ಭಾರ 12 ಸೆಂ.ಮೀ. ಹೊರಗೆ ಬೀಳುತ್ತದೆ. ಒಳಗೆ ಅದುಮಲು ಇರುವುದು ನಡುವಿನ ಪುಸ್ತಕ ಒಂದೇ. ಅದರ ಭಾರ ಎರಡೂ ಕಡೆಗೆ ಹಂಚಿಹೋಗಿ ಈ ಕಡೆಗೆ ಸಿಗುವುದು ಅರ್ಧ, ಅದೂ ಹೆಚ್ಚೆಂದರೆ 12 ಸೆಂ.ಮೀ. ಒಳಗೆ. ಹೊರಕ್ಕೆ 12, ಒಳಕ್ಕೆ 6. ಬಿತ್ತು. ಇದಕ್ಕೆ ಮದ್ದು ಸುಲಭ: ನಡುವಿನ ಪುಸ್ತಕದ ತಲೆಯ ಮೇಲೆ ಇನ್ನೊಂದು ಪುಸ್ತಕ ಹೇರಿ. ಈಗ ಎರಡು ಪುಸ್ತಕದ ಭಾರ ಹಂಚಿ ಪ್ರತಿ ಕಡೆಗೆ ಒಂದು, ಹೊರಕ್ಕೂ 12, ಒಳಕ್ಕೂ 12. ಏಳು ಪುಸ್ತಕಕ್ಕೆ 36 ಸೆಂ.ಮೀ. ಚಾಚು ಬಂತು, ಹಳೆಯ ಕ್ರಮದಲ್ಲಿ ಏಳಕ್ಕೆ 31 ದಾಟಿದರೆ ಹೆಚ್ಚು. ಚಾಚಿಗೆ ಒಂದು ಸೆಂಟಿಮೀಟರೂ ಸೇರಿಸದ ಪುಸ್ತಕವೇ ಉಳಿದವನ್ನು ಹೊರಗೆ ನಿಲ್ಲಿಸಿತು.

ಈ ಹಿಂಭಾರದ ವಿದ್ಯೆಯನ್ನು ಕೊನೆಯತನಕ ಒಯ್ದವರು ಮೈಕ್ ಪ್ಯಾಟರ್ಸನ್ ಮತ್ತು ಊರಿ ಜ್ವಿಕ್. 2009ರ ಅವರ ಲೇಖನ ಈ ಕ್ಷೇತ್ರದಲ್ಲಿ ನನಗೆ ಅತಿ ಪ್ರಿಯವಾದದ್ದು. ಪುಸ್ತಕಗಳನ್ನು ಇಟ್ಟಿಗೆ ಗೋಡೆಯಂತೆ ಅರ್ಧರ್ಧ ಜಾರಿಸಿ ಕಟ್ಟುತ್ತ, ಹೊರಗೆರೆ ಪ್ಯಾರಾಬೋಲದಂತೆ ಬಾಗುವ ರಾಶಿಗಳನ್ನು ಅವರು ರಚಿಸಿದರು. ಮೂರು ಪುಸ್ತಕದುದ್ದ ಚಾಚಲು ಹಳೆಯ ಕ್ರಮಕ್ಕೆ 227 ಪುಸ್ತಕ ಬೇಕು, ಇವರಿಗೆ 111 ಸಾಕು. ಹತ್ತು ಉದ್ದಕ್ಕೆ ಹೋದರೆ ಹಳೆಯದಕ್ಕೆ ಸುಮಾರು 27 ಕೋಟಿ, ಇವರಿಗೆ 4,941. ಹಳೆಯದರಲ್ಲಿ ಚಾಚು ಪುಸ್ತಕಗಳ ಸಂಖ್ಯೆಯ ಲಾಗರಿದಮ್ಮಿನಂತೆ ತೆವಳಿದರೆ, ಇಲ್ಲಿ ಅದು ಸಂಖ್ಯೆಯ ಘನಮೂಲದಂತೆ ಬೆಳೆಯುತ್ತದೆ. ಅದೇ ವರ್ಷ ಪೆರೆಸ್, ತೋರುಪ್, ವಿಂಕ್ಲರ್ ಅವರೊಡನೆ ಸೇರಿ ಇನ್ನೊಂದನ್ನೂ ಸಾಧಿಸಿದರು: ಹೇಗೇ ಜೋಡಿಸಿದರೂ ಘನಮೂಲದ ಆರು ಪಟ್ಟನ್ನು ದಾಟಲಾಗದು. ಸಾಧ್ಯವಾದದ್ದಕ್ಕೂ ಅಸಾಧ್ಯವಾದದ್ದಕ್ಕೂ ನಡುವೆ ಈ ಪಟ್ಟಿನ ಅಂತರ ಇನ್ನೂ ದೊಡ್ಡದೇ. ಮತ್ತೆ, ಇದೆಲ್ಲ ಬಾಗದ, ಒಂದೇ ತೂಕದ ಇಟ್ಟಿಗೆಗಳ ಲೋಕ. ರಟ್ಟು ಬಾಗುವ, ಹಾಳೆ ಕುಸಿಯುವ ನಿಜ ಪುಸ್ತಕಗಳ ಬಗ್ಗೆ ಈ ಲೇಖನಗಳಲ್ಲಿ ಏನೂ ಇಲ್ಲ.

ಪಠ್ಯದಲ್ಲಿ ಹಿಂಭಾರಕ್ಕೆ ಜಾಗವಿಲ್ಲದಿರುವುದು ವಿಚಿತ್ರ, ಏಕೆಂದರೆ ನಮ್ಮ ಸೇಲಂ, ಧರ್ಮಪುರಿ ಕಡೆಯ ಮಕ್ಕಳು ಅದರ ಮೇಲೆ ಕಾಲಿಟ್ಟೇ ಬೆಳೆದವರು. ತೋಟದ ಬಾವಿಯ ಗೋಡೆಯಿಂದ ಕಲ್ಲುಚಪ್ಪಡಿಗಳು ಒಂದೊಂದಾಗಿ ಹೊರಚಾಚಿ ಮೆಟ್ಟಿಲಾಗಿರುತ್ತವೆ, ಕೆಳಗೆ ಆಧಾರವಿಲ್ಲ. 120 ಸೆಂ.ಮೀ. ಉದ್ದ, 30 ಅಗಲ, 15 ದಪ್ಪದ ಒಂದು ಚಪ್ಪಡಿ ಎಂದುಕೊಳ್ಳಿ, 50 ಗೋಡೆಯೊಳಗೆ, 70 ಹೊರಗೆ. ತೂಕ ಸುಮಾರು 145 ಕಿಲೋ. ಅದರ ಗುರುತ್ವ ಕೇಂದ್ರ ಗೋಡೆಯ ಮುಖದಿಂದ 10 ಸೆಂ.ಮೀ. ಹೊರಗಿದೆ, ಅಂದರೆ ಬರಿಯ ಚಪ್ಪಡಿಯೇ ತಾನಾಗಿ ನಿಲ್ಲದು. ತುಂಬಿದ ಬಿಂದಿಗೆ ಹಿಡಿದ, ಎಲ್ಲ ಸೇರಿ 75 ಕಿಲೋ ಆಳು ತುದಿಯಲ್ಲಿ ನಿಂತರೆ ಹೊರಕ್ಕೆ 5,250 ಕಿಲೋ-ಸೆಂಟಿಮೀಟರು, ಚಪ್ಪಡಿಯದು 1,450. ಗೋಡೆಯೊಳಗಿನ ಬಾಲದ ಮೇಲೆ ಕೂತ ಕಲ್ಲಿನ ಭಾರ ಮುಖದಿಂದ ಸರಾಸರಿ 25 ಸೆಂ.ಮೀ. ಒಳಗೆ ಕೆಲಸ ಮಾಡುತ್ತದೆ. ಆದ್ದರಿಂದ ಕಡಿಮೆಯೆಂದರೆ 270 ಕಿಲೋ ಬೇಕು. ಬಾಲದ ನೇರ ಮೇಲಿರುವ ಗೋಡೆಯನ್ನಷ್ಟೇ ಎಣಿಸಿದರೆ ಅದು ಮುಕ್ಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರ.

ಹಾಗಾಗಿ ಕೆಳಗಿನ ಮೆಟ್ಟಿಲುಗಳು ಭದ್ರ, ಅವುಗಳ ಮೇಲೆ ಗೋಡೆಯೆಲ್ಲ ಕೂತಿದೆ. ಅನುಮಾನಿಸಬೇಕಾದ್ದು ಬಾವಿಯ ಬಾಯಿಯ ಹತ್ತಿರದ ಮೊದಲ ಒಂದೆರಡು ಮೆಟ್ಟಿಲುಗಳನ್ನು. ಅಲ್ಲಿ ಬಾಲದ ಮೇಲೆ ಕಲ್ಲು ಕಡಿಮೆ. ಚಪ್ಪಡಿಯನ್ನು ಗೋಡೆಯೊಳಗೆ ಇನ್ನಷ್ಟು ಉದ್ದ ಬಿಡಬೇಕು, ಇಲ್ಲವೇ ಹೊರಚಾಚನ್ನು ಕಡಿಮೆ ಮಾಡಬೇಕು. 50ರ ಬದಲು 70 ಒಳಗೆ, 50 ಹೊರಗೆ ಇಟ್ಟರೆ ಚಪ್ಪಡಿಯ ಸ್ವಂತ ಭಾರವೇ ಒಳಕ್ಕೆ ತಿರುಗುತ್ತದೆ, ಅದೇ ಆಳಿಗೆ ಮೇಲಿನಿಂದ ಬೇಕಾಗುವುದು 70 ಕಿಲೋ ಆಸುಪಾಸು ಮಾತ್ರ. ಹನ್ನೊಂದನೇ ತರಗತಿಯ ಪರೀಕ್ಷೆಗೆ ಕೇಳಲು ಇಷ್ಟು ಸಾಕು, ಶ್ರೇಢಿಯ ಹೆಸರೆತ್ತುವ ಅಗತ್ಯವೇ ಇಲ್ಲ.