ಹೋಟ್ಲು ಹಿಸ್ಟರಿ – ಭಾಗ 4: ನಷ್ಟದ ಬೋರ್ಡ್

ಫ್ರೆಂಡ್ಸ್, ರಾಜಾಜಿನಗರದ ಕಡೆ ಒಂದು ಪುಟ್ಟ ದರ್ಶಿನಿ "ಕಾಫಿಗೆ 3 ರೂಪಾಯಿ ಜಾಸ್ತಿ, ಹಾಲಿನ ರೇಟ್ ಏರಿದೆ, ಸಹಕರಿಸಿ" ಅಂತ ಪೋಸ್ಟ್ ಹಾಕಿತ್ತು. ಕೆಳಗೆ ಕಾಮೆಂಟ್‌ನಲ್ಲಿ ಜಗಳವೋ ಜಗಳ. ಇದನ್ನ ನೋಡಿ ನನಗೆ ನೆನಪಾಗಿದ್ದು ಲಾಲ್‌ಬಾಗ್ ರಸ್ತೆಯ ಹಳೇ ಕಥೆ.

1975-76, ತುರ್ತು ಪರಿಸ್ಥಿತಿಯ ಕಾಲ. ಹೋಟೆಲ್ ತಿಂಡಿಯನ್ನ ತೀರಾ ಕಡಿಮೆ ಬೆಲೆಗೇ ಮಾರಬೇಕು ಅಂತ ಸರ್ಕಾರ ಕಟ್ಟುಪಾಡು ಮಾಡಿತು. ಎಂಟಿಆರ್‌ನ ಹರಿಶ್ಚಂದ್ರ ಮಯ್ಯರಿಗೆ ಬೆಲೆ ಏರಿಸೋ ದಾರಿಯೇ ಇರಲಿಲ್ಲ. ಉಳಿದ ಸುಲಭದ ದಾರಿ ಅಂದ್ರೆ ತುಪ್ಪ ಕಮ್ಮಿ ಮಾಡೋದು, ಅಗ್ಗದ ಸಾಮಾನು ಹಾಕೋದು. ಅವರು ಅದನ್ನ ಮಾಡಲಿಲ್ಲ. ಸರ್ಕಾರ ಹೇಳಿದ ಬೆಲೆಗೇ ಹಳೇ ಗುಣಮಟ್ಟದ ತಿಂಡಿ ಕೊಟ್ಟರು. ದಿನಾ ಆಗ್ತಿದ್ದ ನಷ್ಟವನ್ನ ಹೋಟೆಲಿನ ಹೊರಗೆ ಬೋರ್ಡ್ ಮೇಲೆ ಬರೆಸಿದರು! ತಿಂದು ಹೊರಗೆ ಬಂದವರಿಗೆ ತಾವು ಕೊಟ್ಟ ದುಡ್ಡಿಗೂ ಅಡುಗೆಮನೆ ಖರ್ಚಿಗೂ ಎಷ್ಟು ಅಂತರ ಅಂತ ಕಣ್ಣಿಗೇ ಕಾಣ್ತಿತ್ತು.

ಬೋರ್ಡ್ ನಷ್ಟ ತುಂಬಲಿಲ್ಲ, ಅದು ನಿಜ. ಕೊನೆಗೆ ಹೋಟೆಲ್ ಬಾಗಿಲು ಹಾಕಬೇಕಾಯ್ತು. ಕೆಲಸಗಾರರನ್ನ ಬಿಡೋಕಾಗದೆ ರೆಡಿ ಮಿಕ್ಸ್, ಪುಡಿಗಳ ವ್ಯಾಪಾರಕ್ಕೆ ಇಳಿದರು. ಆದ್ರೆ ಗಿರಾಕಿಗಳು ಮರೀಲಿಲ್ಲ. ಹೋಟೆಲ್ ಮತ್ತೆ ತೆರೆದಾಗ ಜನ ಮತ್ತೆ ಕ್ಯೂ ನಿಂತರು.

ಈಗ ನಮ್ಮ ದರ್ಶಿನಿಗೆ ಬರೋಣ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಒಂದು ಲೀಟರ್ ಹಾಲಲ್ಲಿ ಹತ್ತು ಕಪ್ ಕಾಫಿ ಅಂತಿಟ್ಕೊಳ್ಳಿ, ಕಪ್ಪಿಗೆ ಬರೋದು 40 ಪೈಸೆ. ಏರಿಸಿದ್ದು 3 ರೂಪಾಯಿ. ದಿನಾ ಬರೋ ಅಂಕಲ್‌ಗಳು ಈ ಲೆಕ್ಕವನ್ನ ಕಾಫಿ ಆರೋದ್ರೊಳಗೆ ಮಾಡಿಬಿಡ್ತಾರೆ. ಅವರ ಸಿಟ್ಟು 3 ರೂಪಾಯಿ ಮೇಲಲ್ಲ, ಹೊಂದದ ಕಾರಣದ ಮೇಲೆ. ಆ ಹೊತ್ತಿಗೆ ಕಾಫಿ ಪುಡಿ ಬೆಲೆಯೂ ಜೋರಾಗಿ ಏರಿತ್ತು, ಅದನ್ನ ಬರೆಯೋದೇ ಬಿಟ್ಟಿದ್ರು!

ನಾನಾಗಿದ್ರೆ ಒಂದು ವಾರ ಮುಂಚೆ ಹೀಗೆ ಬರೀತಿದ್ದೆ: "ಬರೋ ಸೋಮವಾರದಿಂದ ಕಾಫಿ 15ರಿಂದ 18 ರೂಪಾಯಿ. ಇದರಲ್ಲಿ ಹಾಲಿಂದು 40 ಪೈಸೆ, ಉಳಿದಿದ್ದು ಪುಡಿ, ಗ್ಯಾಸ್, ಹುಡುಗರ ಸಂಬಳ. ಲೋಟ ಅದೇ, ಚಿಕೋರಿ ಜಾಸ್ತಿ ಮಾಡಿಲ್ಲ. ಇಡ್ಲಿ ರೇಟ್ ಹಾಗೇ ಇದೆ. ಬೈಟು ಕೇಳಿದ್ರೆ ಮುಖ ಸಿಂಡರಿಸಲ್ಲ." ಹಳೇ ರೇಟು, ಹೊಸ ರೇಟು ಎರಡೂ ಇರಲೇಬೇಕು. ಇಲ್ಲದಿದ್ರೆ ಬಿಲ್ ಕೌಂಟರ್‌ನಲ್ಲಿ ಚಿಲ್ಲರೆ ಎಣಿಸುವಾಗ ಗೊತ್ತಾಗುತ್ತೆ, ಹಿಂದೆ ಕ್ಯೂ ಇರುತ್ತೆ, ಮುಜುಗರ. ಅಂಥವರು ಜಗಳ ಆಡಲ್ಲ, ಮಾರನೇ ದಿನ ಎದುರು ಹೋಟ್ಲಲ್ಲಿ ನಿಂತಿರ್ತಾರೆ.

ಇನ್ನೊಂದು, ಬರೆದ ಮೇಲೆ ಲೋಟ ಚಿಕ್ಕದು ಮಾಡೋ ಹಾಗಿಲ್ಲ. ಹತ್ತು ವರ್ಷ ಅದೇ ಲೋಟ ಹಿಡಿದ ಕೈಗೆ ಒಂದು ಗುಟುಕು ಕಮ್ಮಿಯಾದ್ರೂ ಗೊತ್ತಾಗುತ್ತೆ.