ಬೈಲಹೊಂಗಲದ ಮಿಕ್ಸಿಯಲ್ಲಿ ಫ್ರೋಜನ್ ಡೈಕಿರಿ: ಐಸ್ ಎಲ್ಲಿ ನೀರಾಗುತ್ತದೆ?

ಹೋದ ವರ್ಷದ ಮೇ ತಿಂಗಳು. ರಾಮದುರ್ಗದಿಂದ ಚಿಕ್ಕಮ್ಮನ ಮಗಳು, ಸವದತ್ತಿಯಿಂದ ನನ್ನ ಕಾಲೇಜಿನ ಗೆಳತಿ, ಇಬ್ಬರೂ ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದರು. ಕಿತ್ತೂರಿನ ಕಡೆಯಿಂದ ಒಂದು ಬುಟ್ಟಿ ಆಪೂಸು ಬಂದಿತ್ತು. ಬೆಂಗಳೂರಿನ ಪಬ್‌ನಲ್ಲಿ ಮೂವರೂ ಒಮ್ಮೆ ಕುಡಿದಿದ್ದ ಮಾವಿನ ಫ್ರೋಜನ್ ಡೈಕಿರಿಯನ್ನು ಮನೆಯಲ್ಲೇ ಮಾಡೋಣ ಅಂತ ಲೆಕ್ಕ ಹಾಕಿದೆವು. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಬಾರ್‌ಗಳಿಗೆ ಬರ ಇಲ್ಲ, ಆದರೆ ಅಲ್ಲಿ ಒಬ್ಬ ಹೆಣ್ಣುಮಗಳು ಕುಂತು ಒಂದು ಗ್ಲಾಸ್ ಕುಡಿದಳು ಅಂದರೆ ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟುತ್ತದೆ. ಹಾಗಾಗಿ ನಮಗೆ ಅಡುಗೆಮನೆಯ ಮಿಕ್ಸಿಯೇ ಬಾರ್. (21 ತುಂಬದವರು ಈ ಲೇಖನವನ್ನು ರಮ್ ಬಿಟ್ಟು ಓದಿಕೊಳ್ಳಿ.)

ಹಣ್ಣು ಹೆಚ್ಚಿ ಹಾಕಿದೆವು, ರಮ್ ಸುರಿದೆವು, ನಿಂಬೆ ಹಿಂಡಿದೆವು, ಐಸ್ ಹಾಕಿ ತಿರುವಿದೆವು. ತಂಗಿ ಒಂದು ಗುಟುಕು ಕುಡಿದು, "ಅಕ್ಕಾ, ಇದು ಶರಬತ್ತ ಆತಲ್ಲ, ಅದೂ ನೀರ ಹೆಚ್ಚಾಗಿದ್ದು" ಅಂದಳು. ಗೆಳತಿ ಇನ್ನೂ ಎರಡು ಟ್ರೇ ಐಸ್ ತಂದು ಸುರಿದಳು. ಈಗ ನೀರಿನ ನಡುವೆ ಕಲ್ಲುಸಕ್ಕರೆಯಂಥ ಹರಳುಗಳು ತೇಲಿದವು, ಮಾವಿನ ರುಚಿ ಎಲ್ಲೋ ಹೋಯಿತು. ನೀರುನೀರು, ಹರಳುಹರಳು, ಎರಡೂ ತಪ್ಪು ಒಂದೇ ಗ್ಲಾಸಿನಲ್ಲಿ. ಒಳ್ಳೆ ಹಣ್ಣು ಹಾಳಾದ ಸಿಟ್ಟಿಗೆ ನಾನು ಆ ಬೇಸಿಗೆಯಿಡೀ ಇದನ್ನೇ ಹಿಡಿದು ಕುಂತೆ.

ಮೊದಲು, ನೀರು ಎಲ್ಲಿಂದ ಬಂತು? ಐಸ್ ಕಮ್ಮಿ ಬಿತ್ತು ಅಂತ ನಾವು ತಿಳಿದಿದ್ದೆವು. ನಿಜವಾದ ಕಾರಣ ಐಸ್ ಅಲ್ಲ, ಉಳಿದದ್ದೆಲ್ಲ ಬೆಚ್ಚಗಿದ್ದದ್ದು. ಲೆಕ್ಕ ಸರಳ. ಒಂದು ಗ್ರಾಂ ನೀರು ಒಂದು ಡಿಗ್ರಿ ತಣ್ಣಗಾಗಲು ಒಂದು ಕ್ಯಾಲರಿ ಶಾಖ ಬಿಡಬೇಕು. ಒಂದು ಗ್ರಾಂ ಐಸ್ ಕರಗುವಾಗ ಸುಮಾರು 80 ಕ್ಯಾಲರಿ ಹೀರಿಕೊಳ್ಳುತ್ತದೆ. ನಾವು ಹಾಕಿದ್ದು 200 ಗ್ರಾಂ ಹಣ್ಣು, ರಮ್ಮು ನಿಂಬೆರಸ ಸೇರಿ ಇನ್ನು 120. ಎಲ್ಲವೂ 30 ಡಿಗ್ರಿ ಮೇಲೇ ಇದ್ದವು. ಅವುಗಳನ್ನು ಸೊನ್ನೆ ಡಿಗ್ರಿಗೆ ಇಳಿಸುವುದಕ್ಕೇ ಹತ್ತಿರಹತ್ತಿರ 9000 ಕ್ಯಾಲರಿ ಬೇಕು, ಅಂದರೆ ಸುಮಾರು 110 ಗ್ರಾಂ ಐಸ್ ಕರಗಬೇಕು. ನಾವು ಮೊದಲ ಸಲ ಹಾಕಿದ್ದ ಐಸೇ 100 ಗ್ರಾಂ! ಅದು ಅಷ್ಟೂ ತಂಪು ಮಾಡುವ ಕೂಲಿಗೇ ಖರ್ಚಾಯಿತು, ಗಟ್ಟಿತನ ಕೊಡಲು ಏನೂ ಉಳಿಯಲಿಲ್ಲ.

ಹಾಗಾದರೆ ಮಾಡಬೇಕಾದ್ದು ಇಷ್ಟು: ಐಸ್ ಹೆಚ್ಚು ಮಾಡುವ ಬದಲು ಅದರ ಕೆಲಸ ಕಮ್ಮಿ ಮಾಡಿ. ಹಣ್ಣನ್ನೇ ಫ್ರೀಜ್ ಮಾಡಿದರೆ ಹಣ್ಣಿನೊಳಗಿನ ನೀರೇ ಐಸ್ ಆಗುತ್ತದೆ, ಆ ಐಸ್ ಕರಗಿದರೂ ಬರುವುದು ಮಾವಿನ ರಸ, ನಲ್ಲಿ ನೀರಲ್ಲ. ರಮ್ ಅನ್ನೂ ಫ್ರೀಜರ್‌ನಲ್ಲಿಡಿ, ಹೆಪ್ಪುಗಟ್ಟುವ ಹೆದರಿಕೆ ಬೇಡ. ನಮ್ಮ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಇರುವ 42.8% ಆಲ್ಕೋಹಾಲ್ ಮನೆಯ ಫ್ರೀಜರ್‌ನ ಮೈನಸ್ 18ರಲ್ಲಿ ಗಟ್ಟಿಯಾಗುವುದಿಲ್ಲ, ಕೊಂಚ ಮಂದ ಆಗುತ್ತದೆ ಅಷ್ಟೆ.

ಈಗ ಎರಡು ಗ್ಲಾಸಿನ ಲೆಕ್ಕ, ನಾನು ಕೊನೆಗೆ ನಿಂತದ್ದು ಇದರ ಮೇಲೆ. ಫ್ರೀಜ್ ಮಾಡಿದ ಆಪೂಸಿನ ಹೋಳು 200 ಗ್ರಾಂ, ರಮ್ 90 ಎಂ.ಎಲ್. (ಅಂದರೆ ಕ್ವಾರ್ಟರ್‌ನ ಅರ್ಧ), ನಿಂಬೆರಸ 30 ಎಂ.ಎಲ್., ಸಕ್ಕರೆ 20 ಗ್ರಾಂ, ಐಸ್ 100 ಗ್ರಾಂ, ಚಿಟಿಕೆ ಉಪ್ಪು. ಹಣ್ಣನ್ನು ಹಿಂದಿನ ರಾತ್ರಿ ಹೆಬ್ಬೆರಳಿನ ಉಗುರಿನಷ್ಟು ಹೋಳು ಮಾಡಿ, ತಟ್ಟೆಯಲ್ಲಿ ಒಂದಕ್ಕೊಂದು ಅಂಟದಂತೆ ಹರಡಿ ಇಡಬೇಕು. ಡಬ್ಬಿಗೆ ತುಂಬಿಟ್ಟರೆ ಇಟ್ಟಂಗಿಯಂಥ ಗಡ್ಡೆಯಾಗಿ ಮಿಕ್ಸಿಯ ಬ್ಲೇಡು ನಿಂತುಬಿಡುತ್ತದೆ. ಸಕ್ಕರೆಯನ್ನು ಪಾಕ ಮಾಡಬೇಡಿ, ಪಾಕ ಅಂದರೆ ಮತ್ತೆ ನೀರು. ಪುಡಿ ಮಾಡಿ, ನಿಂಬೆರಸದಲ್ಲಿ ಮೊದಲೇ ಕರಗಿಸಿ ಫ್ರಿಜ್‌ನಲ್ಲಿಡಿ.

ಸಕ್ಕರೆ ಬರೀ ಸಿಹಿಗೆ ಅಲ್ಲ ಅನ್ನುವುದು ನನಗೆ ತಡವಾಗಿ ತಿಳಿದದ್ದು. ನೀರಿನಲ್ಲಿ ಸಕ್ಕರೆಯೋ ಆಲ್ಕೋಹಾಲೋ ಇದ್ದರೆ ಎಲ್ಲ ನೀರೂ ಒಟ್ಟಿಗೆ ಹೆಪ್ಪುಗಟ್ಟುವುದಿಲ್ಲ. ಒಂದಷ್ಟು ಸಣ್ಣ ಹರಳಾಗುತ್ತದೆ, ಉಳಿದದ್ದು ಮಂದ ಪಾಕದಂತೆ ಹರಳುಗಳ ನಡುವೆ ನಿಲ್ಲುತ್ತದೆ. ನಾಲಿಗೆಗೆ ನುಣುಪು ಅನಿಸುವುದು ಈ ಎರಡರ ಹದ. ಸಕ್ಕರೆ ಕಮ್ಮಿಯಾದರೆ ಹರಳು ಹೆಚ್ಚಿ ಬರಬರ ಆಗುತ್ತದೆ, ಆಲ್ಕೋಹಾಲ್ ಹೆಚ್ಚಾದರೆ ಹರಳೇ ನಿಲ್ಲುವುದಿಲ್ಲ. ಮೇಲಿನ ಅಳತೆಯಲ್ಲಿ ಹಣ್ಣಿನ ಸಿಹಿಯೂ ಸೇರಿ ಸಕ್ಕರೆ ಸುಮಾರು 12%, ಆಲ್ಕೋಹಾಲ್ ಸುಮಾರು 9% ಬರುತ್ತದೆ. "ಒಂದ ಪೆಗ್ ಹೆಚ್ಚಿಗಿ ಹಾಕ್ರಿ, ಏನ್ ಆಗತೈತಿ" ಅನ್ನುವ ಅಣ್ಣಂದಿರು ಎಲ್ಲ ಕಡೆ ಇರುತ್ತಾರೆ. ಎರಡು ಪೆಗ್, ಅಂದರೆ 60 ಎಂ.ಎಲ್. ಹೆಚ್ಚು ಹಾಕಿದರೆ ಅದು 13% ದಾಟುತ್ತದೆ, ಗ್ಲಾಸಿಗೆ ಸುರಿಯುವಷ್ಟರಲ್ಲಿ ತೆಳ್ಳಗಾಗುತ್ತದೆ. ಈಗಿರುವ ಅಳತೆಯೇ ಒಬ್ಬರಿಗೆ ಒಂದೂವರೆ ಪೆಗ್. ತಂಪು, ಸಿಹಿ ಎರಡೂ ಸೇರಿ ಅದನ್ನು ಮುಚ್ಚಿಡುತ್ತವೆ, ಗಟಗಟ ಕುಡಿಯುವ ಪಾನಕ ಅಲ್ಲ ಇದು.

ಈ ಹದಕ್ಕೆ ಒಂದು ಒಳ್ಳೆ ಚರಿತ್ರೆಯಿದೆ. ಅಮೆರಿಕದ ಡಲ್ಲಾಸ್‌ನಲ್ಲಿ ಹೋಟೆಲ್ ನಡೆಸುತ್ತಿದ್ದ ಮರಿಯಾನೋ ಮಾರ್ಟಿನೆಜ್‌ಗೆ 1971ರಲ್ಲಿ ನಮ್ಮದೇ ತಲೆನೋವು. ಬ್ಲೆಂಡರ್‌ನಲ್ಲಿ ಮಾಡಿದ ಮಾರ್ಗರಿಟಾ ಒಂದೊಂದು ಸಲ ಒಂದೊಂದು ಥರ ಆಗುತ್ತಿತ್ತು, ಗಿರಾಕಿಗಳು ಗೊಣಗುತ್ತಿದ್ದರು. ಅಂಗಡಿಯೊಂದರಲ್ಲಿ ಮಕ್ಕಳ ಸ್ಲಶ್ ಮೆಷಿನ್ ನೋಡಿದ ಆತ, ಸಾಫ್ಟ್ ಐಸ್‌ಕ್ರೀಮ್ ಮೆಷಿನ್ ಒಂದನ್ನು ಮಾರ್ಗರಿಟಾಕ್ಕೆ ಹೊಂದಿಸಿದ. ಆಲ್ಕೋಹಾಲ್ ಹೆಪ್ಪುಗಟ್ಟುವುದಿಲ್ಲ ಅನ್ನುವ ಮಾತನ್ನು ಆತ ಗೆದ್ದದ್ದು ಸಕ್ಕರೆಯ ಪ್ರಮಾಣ ತಿದ್ದಿತಿದ್ದಿ. ಆ ಮೆಷಿನ್ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಇತ್ತ ನಮ್ಮ ಸೀಮೆಯ ಕಬ್ಬು ಫ್ಯಾಕ್ಟರಿಗೆ ಹೋಗಿ ಸಕ್ಕರೆ ಒಂದು ಕಡೆ, ಕಾಕಂಬಿ ಇನ್ನೊಂದು ಕಡೆ ಆಗುತ್ತದೆ. ನಮ್ಮ ದೇಶದ ರಮ್ ಬಹುಪಾಲು ಕಾಕಂಬಿಯಿಂದಲೇ. ಕಬ್ಬಿನ ಬಾಕಿಗೆ ರೈತ ಕಾಯುತ್ತಿರುವಾಗ ಅದೇ ಕಬ್ಬು ಎರಡು ರೂಪದಲ್ಲಿ ತೆರಿಗೆ ಹೊತ್ತು ನಮ್ಮ ಜಾರಿಗೆ ವಾಪಸ್ ಬರುತ್ತದೆ. ಆ ಜಗಳ ಇನ್ನೊಂದು ಲೇಖನಕ್ಕೆ ಇರಲಿ.

ಮಿಕ್ಸಿಗೆ ಬರೋಣ. ನಮ್ಮ ಮಿಕ್ಸಿ ಹುಟ್ಟಿದ್ದು ಚಟ್ನಿ, ಮಸಾಲೆ, ಹಿಟ್ಟು ರುಬ್ಬಲಿಕ್ಕೆ. ಅಗಲ ಬಾಯಿಯ ಬ್ಲೆಂಡರ್‌ನಲ್ಲಿ ಐಸ್ ತಾನಾಗಿ ತಿರುಗಿ ಬ್ಲೇಡಿಗೆ ಬೀಳುತ್ತದೆ, ನಮ್ಮ ಜಾರಿನಲ್ಲಿ ಕ್ಯೂಬ್‌ಗಳು ಮೇಲೇ ಸಿಕ್ಕಿಕೊಂಡು ಕೆಳಗೆ ಬರೀ ರಸ ಸುತ್ತುತ್ತದೆ. ತಿರುವಿದಷ್ಟೂ ಆ ರಸ ಬಿಸಿಯಾಗುತ್ತದೆ, ಮೇಲಿನ ಐಸ್ ಒಡೆಯುವುದೇ ಇಲ್ಲ. ಅದಕ್ಕೇ ನಮ್ಮ ಗ್ಲಾಸಿನಲ್ಲಿ ನೀರೂ ಹರಳೂ ಒಟ್ಟಿಗೆ ಬಂದದ್ದು. ಐಸನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಬಡಿದು ಶೇಂಗಾಕಾಳಿನ ಗಾತ್ರಕ್ಕೆ ತನ್ನಿ. ದೊಡ್ಡ ಜಾರ್ ತೆಗೆದುಕೊಂಡು ಮೊದಲು ರಮ್ಮು ನಿಂಬೆರಸ, ಮೇಲೆ ಹಣ್ಣು, ಎಲ್ಲಕ್ಕಿಂತ ಮೇಲೆ ಐಸ್. ಹಣ್ಣು ಫ್ರೀಜರ್‌ನಿಂದ ತೆಗೆದ ಕೂಡಲೇ ಕಲ್ಲಿನಂತಿರುತ್ತದೆ, ಮೂರ್ನಾಲ್ಕು ನಿಮಿಷ ಹೊರಗಿಟ್ಟು ಹಾಕಿ.

ಗುಂಡಿಯನ್ನು ಒಮ್ಮೆಲೇ ಮೂರಕ್ಕೆ ತಿರುಗಿಸದೆ, ಹಿಂದಕ್ಕೆ ತಿರುಗಿಸಿ ಬಿಡುವ ಪಲ್ಸ್‌ನಲ್ಲಿ ಎರಡೆರಡು ಸೆಕೆಂಡಿನಂತೆ ಎಂಟ್ಹತ್ತು ಸಲ ಬಿಡಿ. ನಡುವೆ ಜಾರ್ ತೆಗೆದು ಒಮ್ಮೆ ಕುಲುಕಿ. ಆಮೇಲೆ 15 ಸೆಕೆಂಡ್ ಜೋರಾಗಿ. ಆಯಿತೋ ಇಲ್ಲವೋ ಕಿವಿಗೇ ಗೊತ್ತಾಗುತ್ತದೆ: ಮೊದಲಿನ ಗಡಗಡ ಸದ್ದು ಹೋಗಿ ದೋಸೆಹಿಟ್ಟು ತಿರುಗುವಾಗಿನ ಮೆತ್ತಗಿನ ಸದ್ದು ಬಂದರೆ ನಿಲ್ಲಿಸಿ. ಚಮಚದಲ್ಲಿ ತೆಗೆದು ಬೋರಲು ಹಿಡಿದರೆ ಒಂದು ಕ್ಷಣ ಅಂಟಿ ನಿಂತು ನಿಧಾನ ಜಾರಬೇಕು. ಬೆರಳ ನಡುವೆ ತಿಕ್ಕಿದರೆ ರವೆ ಸಿಗಬಾರದು. ಮಿಕ್ಸಿ ನಡುವೆಯೇ ಬಂದ್ ಬಿದ್ದರೆ ಕೆಟ್ಟಿತು ಅನ್ನಬೇಡಿ, ಅಡಿಯಲ್ಲಿರುವ ಕೆಂಪು ಗುಂಡಿ ಭಾರ ತಾಳದೆ ಹೊರಗೆ ಬಂದಿರುತ್ತದೆ. ಕೆಲವು ನಿಮಿಷ ಆರಲು ಬಿಟ್ಟು ಒತ್ತಿ.

ಇಷ್ಟೆಲ್ಲ ಮಾಡಿಯೂ ಸವದತ್ತಿಯ ಗೆಳತಿಗೆ ಹರಳು ಹರಳೇ ಬರುತ್ತಿತ್ತು. "ನೀ ಹೇಳಿದಂಗ ಮಾಡೇನಿ, ಆದ್ರೂ ಹಲ್ಲಿಗೆ ಹತ್ತತೈತಿ" ಅಂತ ಫೋನ್. ಅವಳ ಅಳತೆಯಲ್ಲಿ ತಪ್ಪಿರಲಿಲ್ಲ, ತಪ್ಪು ಕರೆಂಟಿನದು. ಕರೆಂಟ್ ಹೋದಾಗ ಫ್ರೀಜರ್ ಕೊಂಚ ಬೆಚ್ಚಗಾಗುತ್ತದೆ, ಹಣ್ಣಿನೊಳಗಿನ ಸಣ್ಣ ಹರಳುಗಳು ಮೊದಲು ಕರಗುತ್ತವೆ. ಕರೆಂಟ್ ಬಂದಾಗ ಆ ನೀರು ಹೊಸ ಸಣ್ಣ ಹರಳಾಗುವುದಿಲ್ಲ, ಉಳಿದ ದೊಡ್ಡ ಹರಳುಗಳಿಗೇ ಅಂಟಿ ಹೆಪ್ಪುಗಟ್ಟುತ್ತದೆ. ನಾಲ್ಕು ಸಲ ಹೀಗಾದರೆ ಹಣ್ಣಿನ ತುಂಬ ಒರಟು ಹರಳು. ಐಸ್‌ಕ್ರೀಮ್ ಡಬ್ಬಿ ಹಳೆಯದಾದಂತೆ ಮರಳುಮರಳಾಗುವುದೂ ಹೀಗೇ.

ಇದನ್ನು ಪತ್ತೆ ಹಚ್ಚಲು ಒಂದು ರೂಪಾಯಿ ಸಾಕು. ಸಣ್ಣ ಬಟ್ಟಲಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ನಾಣ್ಯ ಕೆಳಗೆ ಇಳಿದು ಹೂತಿದ್ದರೆ ನೀವು ಮಲಗಿದ್ದಾಗ ಐಸ್ ಕರಗಿ ಮತ್ತೆ ಗಟ್ಟಿಯಾಗಿದೆ. ಗೆಳತಿಯ ನಾಣ್ಯ ಮರುದಿನ ಬಟ್ಟಲಿನ ತಳದಲ್ಲಿತ್ತು. ಆ ಹಣ್ಣು ತಾಜಾ ವಾಸನೆಯಿದ್ದರೂ ಡೈಕಿರಿಗೆ ಒಗ್ಗುವುದಿಲ್ಲ. ನಾಣ್ಯ ಮೇಲ್ಗಡೆಯೇ ಇದ್ದ ದಿನವೇ ಮಾಡಬೇಕು.

ಕರೆಂಟ್ ನಂಬಲಾಗದವರಿಗೆ ಆ ಮೇಲೆ ಕಂಡುಕೊಂಡ ದಾರಿ ಬೇರೆ. ಕರೆಂಟ್ ಇದ್ದಾಗಲೇ ತಾಜಾ ಹಣ್ಣು, ರಮ್, ನಿಂಬೆ, ಸಕ್ಕರೆ, ಐಸ್ ಬದಲು 100 ಎಂ.ಎಲ್. ಕುಡಿಯುವ ನೀರು, ಎಲ್ಲವನ್ನೂ ನುಣ್ಣಗೆ ರುಬ್ಬಿ ಗಟ್ಟಿ ಜಿಪ್ ಚೀಲಕ್ಕೆ ಸುರಿದು, ಗಾಳಿ ತೆಗೆದು, ಚಪ್ಪಟೆಯಾಗಿ ಮಲಗಿಸಿ ಇಡಿ. ಚಪ್ಪಟೆಯಿದ್ದರೆ ಬೇಗ ಹೆಪ್ಪುಗಟ್ಟಿ ಹರಳು ಸಣ್ಣದಾಗುತ್ತದೆ. ಆಲ್ಕೋಹಾಲ್ ಇರುವುದರಿಂದ ಕಲ್ಲಾಗುವುದಿಲ್ಲ. ಗಂಟೆಗೊಮ್ಮೆ ಮೂರ್ನಾಲ್ಕು ಸಲ ಚೀಲವನ್ನು ಹಿಟ್ಟು ನಾದಿದಂತೆ ಒತ್ತಿದರೆ ಕೊನೆಗೆ ಮಿಕ್ಸಿಯೇ ಬೇಡ. ಮಿಕ್ಸಿಯ ನುಣುಪು ಪೂರ್ತಿ ಬರುವುದಿಲ್ಲ, ಆದರೆ ನಮ್ಮ ಮೊದಲ ದಿನದ ಶರಬತ್ತಿಗಿಂತ ಎಷ್ಟೋ ಮೇಲು.

ಕಲ್ಲಂಗಡಿ ಹಾಕಬಹುದೇ ಅಂತ ಕೇಳುವವರಿಗೆ: ಅದರಲ್ಲಿ 90%ಗಿಂತ ಹೆಚ್ಚು ನೀರು, ಮಾವಿನ ತಿರುಳಿನ ಮಂದ ಇಲ್ಲ. ಅರ್ಧ ಬಾಳೆಹಣ್ಣು ಫ್ರೀಜ್ ಮಾಡಿ ಸೇರಿಸಿ, ಸಕ್ಕರೆ ಒಂದು ಚಮಚ ಏರಿಸಿ, ಐಸ್ ಪೂರಾ ಬಿಟ್ಟುಬಿಡಿ. ಗ್ಲಾಸನ್ನು ಫ್ರೀಜರ್‌ನಲ್ಲಿ ಅರ್ಧ ಗಂಟೆ ಇಡುವುದು ಮರೆಯಬೇಡಿ, ಸ್ಟೀಲ್ ಲೋಟಕ್ಕಿಂತ ದಪ್ಪ ಗಾಜು ಹೆಚ್ಚು ಹೊತ್ತು ತಂಪು ಹಿಡಿಯುತ್ತದೆ.

ಜೂನ್ ಮೊದಲ ವಾರ ಮೂವರೂ ಮತ್ತೆ ಸೇರಿದೆವು. ಬುಟ್ಟಿಯಲ್ಲಿ ಕೊನೆಯ ನಾಲ್ಕು ಆಪೂಸು ಉಳಿದಿದ್ದವು, ನಾಣ್ಯ ಐಸ್ ಮೇಲೇ ಇತ್ತು. ತಂಗಿ ಚಮಚ ಬೋರಲು ಹಿಡಿದು ನೋಡಿದಳು. "ಈಗ ಬಂತ ನೋಡ ಅಕ್ಕಾ" ಅಂದಳು. ಹೊರಗೆ ಅಪ್ಪನ ಬೈಕಿನ ಸದ್ದು ಕೇಳಿ ರಮ್ ಬಾಟಲಿ ಅಕ್ಕಿ ಡಬ್ಬಿಗೆ ಹೋಯಿತು.